ಮಗಳ ಬಾಣಂತನಕ್ಕೆ ಆಸ್ಟ್ರೇಲಿಯಾಕ್ಕೆ ಹೊರಟಿದ್ದೀರಾ? ಬ್ಯಾಗ್ ತುಂಬುವ ಮುಂಚೆ ಇದನ್ನು ನೋಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಮಗಳ ಬಾಣಂತನಕ್ಕೆ ಹೊರಡುವ ಅವ್ವನ ಬ್ಯಾಗಿನಲ್ಲಿ ಏನಿರುತ್ತದೆ ಅಂತ ನಮಗೆಲ್ಲ ಗೊತ್ತು. ಬ್ಯಾಡಗಿ ಮೆಣಸಿನಕಾಯಿ, ಶೇಂಗಾ ಚಟ್ನಿ, ಅಳವಿ, ಅಜವಾನ, ಸಬ್ಬಸಗಿ ಬೀಜ, ಅಂಟಿನ ಉಂಡಿ, ಕೂಸಿಗೆ ಬಜೆ ಬೇರು, ಅಳಿಯನಿಗೆ ಧಾರವಾಡ ಪೇಡೆ. ಜೊತೆಗೆ ತಮ್ಮ ಬಿಪಿ, ಶುಗರ್ ಮಾತ್ರೆ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಮಾನು ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಎಬ್ಬಿಸುವಂಥದ್ದು. ಯಾವುದನ್ನು ಒಯ್ಯಬಹುದು, ಯಾವುದನ್ನು ಬಿಡಬೇಕು ಅಂತ ಮನೆಯಲ್ಲೇ ಕೂತು ನೋಡಿಕೊಳ್ಳಲು ಬರುತ್ತದೆ. ಧಾರವಾಡದ ಸಪ್ತಾಪುರದಿಂದ ಮೆಲ್ಬರ್ನ್‌ಗೆ, ಸಿಂಗಪುರದಲ್ಲಿ ವಿಮಾನ ಬದಲಿಸಿ, 6 ತಿಂಗಳಿಗೆ ಹೊರಟ ದಂಪತಿಯ ಬ್ಯಾಗನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲು ಪಟ್ಟಿ, ಅದೂ ರೂಪದ ಸಮೇತ

ಹೊರಡುವ ದಿನಕ್ಕೆ ಮೂರು ವಾರ ಇರುವಾಗಲೇ ಒಂದು ಹಾಳೆ ತಗೊಂಡು ಎಲ್ಲ ಸಾಮಾನು ಬರೆಯಿರಿ. ಬರೀ "ಮೆಣಸಿನಕಾಯಿ" ಅಂತ ಬರೆದರೆ ಪ್ರಯೋಜನ ಇಲ್ಲ. ಹಸಿಯೋ, ಒಣಗಿದ್ದೋ, ಪುಡಿಯೋ? ಹುರಿದದ್ದೋ, ಹುರಿಯದ್ದೋ? ಮನೆಯಲ್ಲಿ ಮಾಡಿದ್ದೋ, ಕಾರ್ಖಾನೆಯಲ್ಲಿ ಪ್ಯಾಕ್ ಆಗಿ ಲೇಬಲ್ ಇರುವುದೋ? ಎಷ್ಟು ತೂಕ? ಆಸ್ಟ್ರೇಲಿಯಾದ ನಿಯಮ ವಸ್ತುವಿನ ಹೆಸರಿಗಿಂತ ಅದರ ರೂಪದ ಮೇಲೆ ನಿಂತಿದೆ. ಅದೇ ಶೇಂಗಾ ಹಸಿ ಕಾಳಾದರೆ ಒಂದು ಉತ್ತರ, ಕಾರ್ಖಾನೆಯಲ್ಲಿ ಹುರಿದು ಪ್ಯಾಕ್ ಮಾಡಿದ್ದಾದರೆ ಇನ್ನೊಂದು ಉತ್ತರ.

ಪಟ್ಟಿ ಆದ ಮೇಲೆ ಪ್ರತಿ ಸಾಮಾನಿನ ಪಕ್ಕದಲ್ಲಿ ಅದರ ಇಂಗ್ಲಿಷ್ ಹೆಸರು, ಸಾಧ್ಯವಾದರೆ ಸಸ್ಯದ ವೈಜ್ಞಾನಿಕ ಹೆಸರನ್ನೂ ಬರೆದುಕೊಳ್ಳಿ. ಅಳವಿಗೆ Lepidium sativum, ಅಜವಾನಕ್ಕೆ Trachyspermum ammi, ಸಬ್ಬಸಗಿಗೆ Anethum graveolens. ಹುಡುಕುವಾಗ ಈ ಹೆಸರುಗಳೇ ಸರಿಯಾದ ಜಾಗಕ್ಕೆ ಕರೆದೊಯ್ಯುತ್ತವೆ. ಇಂಗ್ಲಿಷ್ ಹೆಸರು ಊರಿಗೊಂದು ಇರುತ್ತದೆ.

ಬ್ಯಾಡಗಿ ಮೆಣಸಿನಕಾಯಿಯಿಂದ ಶುರು ಮಾಡಿ

ಆಹಾರ, ಬೀಜ, ಗಿಡ, ಮಾಂಸ, ಹಾಲಿನ ಪದಾರ್ಥ ಎಲ್ಲಕ್ಕೂ ಆಸ್ಟ್ರೇಲಿಯಾದ ಕೃಷಿ ಇಲಾಖೆಯದೇ ಮಾತು. ಅವರ ಜಾಲತಾಣ www.agriculture.gov.au. ಅಲ್ಲಿ ಪ್ರಯಾಣಿಕರಿಗಾಗಿಯೇ ಒಂದು ಭಾಗ ಇದೆ. ಮೊದಲು ಅದನ್ನು ಓದಿ. ಅಲ್ಲಿ ಸಿಗದಿದ್ದರೆ bicon.agriculture.gov.au ತೆರೆಯಿರಿ. ಇದನ್ನು ಬೈಕಾನ್ ಅಂತಾರೆ. ವ್ಯಾಪಾರಿಗಳೂ ಬಳಸುವ ದೊಡ್ಡ ಕೋಶ ಇದು, ಆದರೆ ಯಾರು ಬೇಕಾದರೂ ದುಡ್ಡು ಕೊಡದೆ ಹುಡುಕಬಹುದು.

ಹುಡುಕುವ ಜಾಗದಲ್ಲಿ Capsicum ಅಂತ ಹಾಕಿ. ಹಲವು ಪುಟ ಬರುತ್ತವೆ. ತಾಜಾ ಕಾಯಿಗೆ ಒಂದು, ಬಿತ್ತನೆ ಬೀಜಕ್ಕೆ ಒಂದು, ಒಣಗಿಸಿದ್ದಕ್ಕೆ ಒಂದು. ನಿಮ್ಮ ಪಟ್ಟಿಯಲ್ಲಿರುವ ರೂಪಕ್ಕೆ ಸೇರಿದ್ದನ್ನು ತೆರೆಯಿರಿ. ಯಾವ ದೇಶದಿಂದ, ಯಾವ ಬಳಕೆಗೆ ಅಂತ ಕೇಳಿದರೆ ಭಾರತ, ಸ್ವಂತ ಬಳಕೆಗೆ, ತಿನ್ನಲಿಕ್ಕೆ ಅಂತ ಆರಿಸಿ. ಉತ್ತರ ಮೂರು ಬಗೆಯಲ್ಲಿ ಬರಬಹುದು. ತರುವಂತಿಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಆಮದು ಪರವಾನಗಿ ಬೇಕು ಅಂತ ಬಂದರೆ ನಮ್ಮಂಥ ಪ್ರಯಾಣಿಕರ ಮಟ್ಟಿಗೆ ಅದೂ ಬೇಡ ಅಂದಂತೆಯೇ. ಷರತ್ತಿನ ಮೇಲೆ ಒಪ್ಪಿಗೆ ಅಂತ ಬಂದರೆ ಷರತ್ತನ್ನು ಪೂರ್ತಿ ಓದಬೇಕು. ತೂಕದ ಮಿತಿ, ಪ್ಯಾಕಿಂಗ್, ಲೇಬಲ್ ಎಲ್ಲ ಅಲ್ಲೇ ಇರುತ್ತದೆ.

ಒಣ ಮೆಣಸಿನಕಾಯಿಯ ಉತ್ತರ: ಬ್ಯಾಗಿನಲ್ಲಿ ತರುವಂತಿಲ್ಲ. ಕಾರಣ ಖಾಪ್ರಾ ಅನ್ನುವ ಸಣ್ಣ ದುಂಬಿ. ನಮ್ಮ ಉಪಖಂಡವೇ ಇದರ ತವರು. ಕೂದಲು ಕೂದಲಾಗಿರುವ ಇದರ ಮರಿಹುಳ ಕಾಳಿನ ಸಂದಿಯಲ್ಲಿ, ಚೀಲದ ಹೊಲಿಗೆಯಲ್ಲಿ ಏನೂ ತಿನ್ನದೆ ವರ್ಷಗಟ್ಟಲೆ ಬದುಕಿರಬಲ್ಲದು. ಒಮ್ಮೆ ಗೋದಾಮಿಗೆ ಹೊಕ್ಕರೆ ಹೊರಹಾಕುವುದು ಬಲು ಕಷ್ಟ. ಆಸ್ಟ್ರೇಲಿಯಾದಲ್ಲಿ ಅದು ನೆಲೆಯೂರಿಲ್ಲ. ಗೋಧಿ ರಫ್ತಿನ ಮೇಲೆ ದೊಡ್ಡ ಆದಾಯ ಇರುವ ದೇಶ ಅದು. ಅದಕ್ಕೇ 2020ರಿಂದ ಹಂತ ಹಂತವಾಗಿ ಒಂದು ಪಟ್ಟಿ ಮಾಡಿ, ಆ ಪದಾರ್ಥಗಳನ್ನು ಪ್ರಯಾಣಿಕರ ಬ್ಯಾಗಿನಲ್ಲೂ ಪಾರ್ಸೆಲ್‌ನಲ್ಲೂ ನಿಲ್ಲಿಸಿಬಿಟ್ಟರು. ಯಾವ ದೇಶದಿಂದ ಬಂದರೂ ಇದೇ ನಿಯಮ.

ಆ ಪಟ್ಟಿ ಓದಿದರೆ ಗದಗ ಎಪಿಎಂಸಿಯೊಳಗೆ ಅಡ್ಡಾಡಿ ಬಂದಂತೆ ಅನಿಸುತ್ತದೆ. ಅಕ್ಕಿ, ಗೋಧಿ, ಕಡಲೆ, ಹೆಸರು, ತೊಗರಿ, ಅಲಸಂದಿ, ಸೋಯಾ, ಶೇಂಗಾ, ಕುಸುಬಿ, ಜೀರಿಗೆ, ಕೊತ್ತಂಬರಿ ಬೀಜ, ಬಡೆಸೋಪು, ಒಣ ಮೆಣಸಿನಕಾಯಿ. ನಮ್ಮ ಅಡುಗೆಮನೆಯ ಡಬ್ಬಿಗಳೆಲ್ಲ ಅದರಲ್ಲಿವೆ.

ಇದಕ್ಕೆ ವಿನಾಯಿತಿಯೂ ಇದೆ. ಹುರಿದು, ಕರಿದು, ಕುದಿಸಿ ಅಥವಾ ಬೇರೆ ರೀತಿ ಶಾಖ ಕೊಟ್ಟು ಕಾರ್ಖಾನೆಯಲ್ಲಿ ತಯಾರಿಸಿ ಪ್ಯಾಕ್ ಮಾಡಿದ್ದು ಈ ನಿಷೇಧದ ಹೊರಗೆ. ಇಲ್ಲಿ ಎರಡು ಮಾತು ಗಮನಿಸಿ: ಶಾಖ ಕೊಟ್ಟಿರಬೇಕು, ಕಾರ್ಖಾನೆ ಪ್ಯಾಕ್ ಆಗಿರಬೇಕು. ಎರಡೂ ಬೇಕು. ಮನೆಯಲ್ಲಿ ಹುರಿದು ಕುಟ್ಟಿದ ಶೇಂಗಾ ಚಟ್ನಿಗೆ ಶಾಖ ತಾಗಿದೆ, ಆದರೆ ಪ್ಯಾಕ್ ಇಲ್ಲ. ಅಂಗಡಿಯ ಕಡಲೆಬೇಳೆ ಪ್ಯಾಕೆಟ್‌ಗೆ ಲೇಬಲ್ ಇದೆ, ಶಾಖ ಇಲ್ಲ. ಎರಡೂ ಹೊರಗೆ. ಖಾರದ ಪುಡಿಗೂ ಇದೇ ಲೆಕ್ಕ ಹಾಕಿ ನೋಡಿ. ಬಿಸಿಲಿಗೆ ಒಣಗಿಸಿ ಗಿರಣಿಯಲ್ಲಿ ಬೀಸಿದ್ದನ್ನು ಶಾಖ ಕೊಟ್ಟದ್ದು ಅಂತ ಯಾರೂ ಒಪ್ಪುವುದಿಲ್ಲ.

"ನಮ್ಮ ಬೀಗ್ತಿ ಹೋದ ವರ್ಷ ಎರಡು ಕಿಲೋ ಒಯ್ದಾಳ, ಏನೂ ಆಗಿಲ್ಲ" ಅನ್ನುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಅವರ ಬ್ಯಾಗು ಅಂದು ತೆರೆಯಲಿಲ್ಲ, ಅಷ್ಟೇ. ಅದನ್ನು ನಿಯಮ ಅಂತ ತಿಳಿಯಬೇಡಿ.

ಬಾಣಂತಿಯ ಸಾಮಾನು

ಅಳವಿ, ಅಜವಾನ, ಸಬ್ಬಸಗಿ ಬೀಜಗಳು ಆ ಖಾಪ್ರಾ ಪಟ್ಟಿಯಲ್ಲಿ ಇಲ್ಲದಿದ್ದರೂ ಬಿತ್ತಿದರೆ ಮೊಳೆಯುವ ಬೀಜಗಳು. ಅಳವಿಯಂತೂ ಒದ್ದೆ ಬಟ್ಟೆಯ ಮೇಲೆ ಚೆಲ್ಲಿದರೂ ಎರಡೇ ದಿನಕ್ಕೆ ಮೊಳಕೆ ಒಡೆಯುತ್ತದೆ. ಹಾಗಾಗಿ ಒಂದೊಂದನ್ನೂ ವೈಜ್ಞಾನಿಕ ಹೆಸರು ಹಾಕಿ ಬೈಕಾನ್‌ನಲ್ಲಿ ನೋಡಲೇಬೇಕು. ಒಪ್ಪಿಗೆ ಬಂದರೂ ಸಂತೆಯಲ್ಲಿ ಅಳೆದು ತಂದ ಬೀಜ ಬೇಡ. ಅದರಲ್ಲಿ ಕಸ, ಕಡ್ಡಿ, ಬೇರೆ ಬೀಜ, ಮಣ್ಣಿನ ಹೆಂಟೆ ಇದ್ದೇ ಇರುತ್ತದೆ. ಒಳ್ಳೆಯ ಬೀಜದ ಜೊತೆ ಒಂದೆರಡು ಕಳೆ ಬೀಜ ಕಂಡರೂ ಅಧಿಕಾರಿ ಪೂರ್ತಿ ಪೊಟ್ಟಣ ತೆಗೆದಿಡಬಹುದು. ನನ್ನ ಸಲಹೆ, ಮೊದಲು ಮಗಳಿಗೆ ಫೋನ್ ಮಾಡಿ. ಮೆಲ್ಬರ್ನ್‌ನ ಟಾರ್ನೀಟ್, ಡ್ಯಾಂಡೆನಾಂಗ್ ಕಡೆ ಭಾರತೀಯ ಕಿರಾಣಿ ಅಂಗಡಿಗಳಿವೆ. ಅಜವಾನ, ತಿನ್ನುವ ಅಂಟು, ಖಾರಿಕ ಅಲ್ಲೇ ಸಿಗುತ್ತವೆಯಾ ಅಂತ ಕೇಳಿ. ಉಂಡಿಯನ್ನು ಅಲ್ಲಿ ಹೋಗಿ ಬಿಸಿಬಿಸಿ ಕಟ್ಟಿಕೊಡಬಹುದು. ಇಲ್ಲಿಂದಲೇ ಕಟ್ಟಿಕೊಂಡು ಹೋದರೆ ಅದರಲ್ಲಿ ಕೊಬ್ಬರಿ, ತುಪ್ಪ, ಗಸಗಸೆ, ಅಂಟು ಎಲ್ಲ ಕಲೆತಿರುತ್ತದೆ, ಲೇಬಲ್ ಇರುವುದಿಲ್ಲ. ನೋಡುವವರಿಗೆ ಒಳಗೆ ಏನಿದೆ ಅಂತ ತಿಳಿಯುವ ದಾರಿಯೇ ಇಲ್ಲ.

ಬಜೆ ಬೇರನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಬಿಡಿ. ಇದು ಬೇರು ಅನ್ನುವುದು ಒಂದು ಕಾರಣ. ಇನ್ನೊಂದು, ಬಜೆ ಅಂದರೆ Acorus calamus. ಮನುಷ್ಯರ ಚಿಕಿತ್ಸೆಗೆ ಇದನ್ನು ಬಳಸುವುದನ್ನೇ ಆಸ್ಟ್ರೇಲಿಯಾದ ವಿಷವಸ್ತುಗಳ ಪಟ್ಟಿಯಲ್ಲಿ ನಿಷೇಧಿಸಿದ್ದಾರೆ. ಕೂಸಿನ ನಾಲಿಗೆಗೆ ತೇಯ್ದು ನೆಕ್ಕಿಸುವ ವಸ್ತು ಅಂತ ಅಲ್ಲಿ ವಿವರಿಸಲು ಹೋದರೆ ಮಾತು ಇನ್ನೂ ಬೆಳೆಯುತ್ತದೆ.

ಪೇಡೆ ಮತ್ತು ಮಾಂಸ

ಇವೆರಡೂ ಬೇಡ ಅನ್ನಲು ಮುಖ್ಯ ಕಾರಣ ಕಾಲುಬಾಯಿ ಬೇನೆ. ದನ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ 1872ರ ನಂತರ ಈ ರೋಗ ಬಂದಿಲ್ಲ. ನಮ್ಮಲ್ಲಿ ಇನ್ನೂ ಇದೆ, ಸರ್ಕಾರ ಲಸಿಕೆ ಹಾಕಿಸುತ್ತಲೇ ಇದೆ. ರೋಗದ ವೈರಾಣು ಮಾಂಸದಲ್ಲೂ ಹಾಲಿನಲ್ಲೂ ಉಳಿಯಬಲ್ಲದು. ಹಾಗಾಗಿ ಹಾಲಿನ ಪದಾರ್ಥವನ್ನು ಆ ರೋಗ ಇಲ್ಲದ ದೇಶಗಳಿಂದ ಮಾತ್ರ ಬಿಡುತ್ತಾರೆ. ಆ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಅಂದಮೇಲೆ ಧಾರವಾಡ ಪೇಡೆ, ಕುಂದಾ, ಬರ್ಫಿ, ಹಾಲಿನ ಪುಡಿ ಬೇಡ. ಲೈನ್ ಬಜಾರಿನ ಅಂಗಡಿಯ ಡಬ್ಬಿ ಸೀಲ್ ಆಗಿದ್ದರೂ ಉತ್ತರ ಬದಲಾಗುವುದಿಲ್ಲ.

ಮಟನ್ ಉಪ್ಪಿನಕಾಯಿ, ಒಣಗಿಸಿದ ಮಾಂಸ, ಚಿಕನ್ ಸುಕ್ಕಾ ಮಾಡಿ ಡಬ್ಬಿಗೆ ತುಂಬುವುದು, ಇವೂ ಬೇಡ. ವಿಮಾನದಲ್ಲಿ ಕೊಟ್ಟ ಸ್ಯಾಂಡ್‌ವಿಚ್ ತಿನ್ನದೆ ಉಳಿಸಿ ಕೈಚೀಲಕ್ಕೆ ಹಾಕಿಕೊಳ್ಳುವವರಿದ್ದಾರೆ. ಇಳಿಯುವ ಮುಂಚೆ ಅದನ್ನು ಅಲ್ಲೇ ಬಿಟ್ಟು ಇಳಿಯಿರಿ.

ಎಲೆ, ಪೂಜೆ ಸಾಮಾನು, ಚಪ್ಪಲಿಯ ಮಣ್ಣು

ಹಸಿ ಕರಿಬೇವು ಒಯ್ಯುವಂತಿಲ್ಲ. ನಿಂಬೆ, ಕಿತ್ತಳೆ ಜಾತಿಯ ಗಿಡಗಳನ್ನು ಒಣಗಿಸುವ ಒಂದು ರೋಗವನ್ನು ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ತೊಟ್ಟಿಲ ಕಾರ್ಯಕ್ಕೆ ಅಂತ ಮಾವಿನ ತೋರಣ, ವೀಳ್ಯದೆಲೆ, ಹೂವು, ತುಳಸಿ ಸಸಿ, ಗರಿಕೆ ಇವನ್ನೂ ಪಟ್ಟಿಯಿಂದ ತೆಗೆಯಿರಿ. ಮರದ ಆಟಿಕೆ, ಮರದ ಮಣೆ ಇದ್ದರೆ ಹುಳ ತಿಂದ ತೂತು, ತೊಗಟೆ ಇದೆಯಾ ನೋಡಿ. ಇಲ್ಲದಿದ್ದರೆ ಒಯ್ಯಬಹುದು, ಆದರೆ ಹೇಳಿ ಒಯ್ಯಬೇಕು. ವಿಭೂತಿ ಗಟ್ಟಿಯನ್ನೂ ಹೇಳಬೇಕಾದ ಸಾಮಾನಿಗೆ ಸೇರಿಸಿ. ಅದರ ಮೂಲ ಸಗಣಿ. ಗೋಮೂತ್ರ, ಕುಳ್ಳು ಬೇಡವೇ ಬೇಡ.

ಮಣ್ಣಿನ ಮಾತು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಹೊರಡುವ ಹಿಂದಿನ ವಾರ ಹೊಲಕ್ಕೆ ಹೋಗಿ ಬಂದ ಚಪ್ಪಲಿ, ಬೂಟು ಬ್ಯಾಗಿನಲ್ಲಿದ್ದರೆ ಅಡಿಯಲ್ಲಿ ಎರೆಮಣ್ಣು ಅಂಟಿಕೊಂಡೇ ಇರುತ್ತದೆ. ಒಣಗಿದರೆ ಕಲ್ಲಿನಂತೆ ಕೂರುವ ಮಣ್ಣು ಅದು. ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗೀರುಗಳನ್ನೆಲ್ಲ ತಿಕ್ಕಿ, ಪೂರ್ತಿ ಒಣಗಿಸಿ ಇಡಿ. ಕಳೆದ 30 ದಿನಗಳಲ್ಲಿ ಹೊಲ, ದನಕರು ಮುಟ್ಟಿದ್ದೀರಾ ಅಂತ ಅಲ್ಲಿ ನೇರವಾಗಿ ಕೇಳುತ್ತಾರೆ. ಹೌದಾದರೆ ಹೌದು ಅನ್ನಿ. ಅದಕ್ಕೆ ಯಾರೂ ದಂಡ ಹಾಕುವುದಿಲ್ಲ, ಚಪ್ಪಲಿ ನೋಡುತ್ತಾರೆ.

ಮಾತ್ರೆಗಳ ಲೆಕ್ಕ

ಔಷಧಿಗೆ ಬೇರೆ ಇಲಾಖೆ, ಬೇರೆ ಜಾಲತಾಣ: www.tga.gov.au. ಪ್ರಯಾಣಿಕರಿಗೆ ಇರುವ ವಿನಾಯಿತಿಯಲ್ಲಿ ಹೆಚ್ಚೆಂದರೆ 3 ತಿಂಗಳಿಗೆ ಆಗುವಷ್ಟು ಔಷಧಿ ಒಯ್ಯಬಹುದು. ವೈದ್ಯರ ಚೀಟಿಯೋ ಪತ್ರವೋ ಇಂಗ್ಲಿಷ್‌ನಲ್ಲಿ ಜೊತೆಗಿರಬೇಕು. ಮಾತ್ರೆ ಅದರ ಮೂಲ ಪ್ಯಾಕಿನಲ್ಲೇ ಇರಬೇಕು.

ನಮ್ಮ ದಂಪತಿಯಲ್ಲಿ ಯಜಮಾನರಿಗೆ ಮೆಟ್‌ಫಾರ್ಮಿನ್ ದಿನಕ್ಕೆ ಎರಡು. 90 ದಿನಕ್ಕೆ 180 ಮಾತ್ರೆ. 10ರ ಸ್ಟ್ರಿಪ್ ಆದರೆ 18, 15ರದ್ದಾದರೆ 12. ಅಷ್ಟೇ ಒಯ್ಯಬೇಕು. ಇರುವುದು 6 ತಿಂಗಳಾದರೂ 6 ತಿಂಗಳಿನದನ್ನು ಒಟ್ಟಿಗೆ ಒಯ್ಯುವಂತಿಲ್ಲ. ಉಳಿದ 3 ತಿಂಗಳಿನದನ್ನು ಅಲ್ಲಿನ ವೈದ್ಯರಿಗೆ ತೋರಿಸಿ ಅಲ್ಲೇ ಕೊಳ್ಳಬೇಕು. ಮಗಳ ಮೂಲಕ ವೈದ್ಯರ ಭೇಟಿಯನ್ನು ಎರಡನೇ ತಿಂಗಳಲ್ಲೇ ಗೊತ್ತು ಮಾಡಿಸಿ.

ವೈದ್ಯರ ಪತ್ರದಲ್ಲಿ ಏನಿರಬೇಕು ಅನ್ನುವುದು ಇಲ್ಲಿ ಬಹಳ ಮುಖ್ಯ. ನಮ್ಮ ಕಡೆ ಚೀಟಿಯಲ್ಲಿ ಕಂಪನಿಯ ಹೆಸರಷ್ಟೇ ಗೀಚಿರುತ್ತಾರೆ. ಆ ಹೆಸರು ಅಲ್ಲಿ ಯಾರಿಗೂ ತಿಳಿಯದು. ಹೋಗಿ ನಿಮ್ಮ ಡಾಕ್ಟರ ಹತ್ತಿರ ಟೈಪ್ ಮಾಡಿದ ಪತ್ರ ಕೇಳಿ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ನಿಮ್ಮ ಹೆಸರು, ಕಾಯಿಲೆ, ಪ್ರತಿ ಔಷಧಿಯ ಮೂಲ ರಾಸಾಯನಿಕ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಮತ್ತು ಇದು ರೋಗಿಯ ಸ್ವಂತ ಬಳಕೆಗೆ ಅನ್ನುವ ಒಂದು ಸಾಲು. ಕೆಳಗೆ ಸಹಿ, ಮೊಹರು, ನೋಂದಣಿ ಸಂಖ್ಯೆ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿಸಿದವು ನಮ್ಮಲ್ಲಿ ಜಾಸ್ತಿ. ಅವನ್ನು ಬಿಡಿಸಿ ಬರೆಸಿ. ಅಂಥದ್ದೇ ಜೋಡಿ ಅಲ್ಲಿ ಸಿಗದಿದ್ದರೆ ಬೇರೆ ಬೇರೆಯಾಗಿ ಬರೆದುಕೊಡಲು ಅಲ್ಲಿನ ವೈದ್ಯರಿಗೆ ಅನುಕೂಲ.

ಸ್ಟ್ರಿಪ್ ಕತ್ತರಿಸಬೇಡಿ. ಕತ್ತರಿಸಿದರೆ ಹೆಸರು ಒಂದು ತುಂಡಿಗೆ, ತಾರೀಖು ಇನ್ನೊಂದು ತುಂಡಿಗೆ ಹೋಗುತ್ತದೆ. ಮಾತ್ರೆಗಳನ್ನೆಲ್ಲ ಬಿಡಿಸಿ ಒಂದೇ ಡಬ್ಬಿಗೆ ಸುರಿಯುವುದಂತೂ ಬೇಡ.

ಇನ್ನು ಮಗಳಿಗಾಗಿ ಒಯ್ಯುವ ದಶಮೂಲಾರಿಷ್ಟ, ಕಷಾಯದ ಪುಡಿ, "ಅವ್ವಾ, ಅಲ್ಲಿಂದ ಆ ಕೆಮ್ಮಿನ ಔಷಧಿ ತಗೊಂಡ್ ಬಾ" ಅಂತ ಕೇಳಿದ ಸಿರಪ್. ಪ್ರಯಾಣಿಕರ ವಿನಾಯಿತಿ ಇರುವುದು ಒಯ್ಯುವವರ ಸ್ವಂತ ಚಿಕಿತ್ಸೆಗೆ, ಇಲ್ಲವೇ ಅವರ ಆರೈಕೆಯಲ್ಲಿ ಜೊತೆಗೇ ಪ್ರಯಾಣ ಮಾಡುವವರಿಗೆ. ಮಗಳು ನಿಮ್ಮ ಜೊತೆ ವಿಮಾನದಲ್ಲಿಲ್ಲ. ಹಾಗಾಗಿ ಅವಳ ಔಷಧಿ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಲೂಡಿಸುವ ತಾಯಿಗೆ ಏನು ಕೊಡಬಹುದು ಅಂತ ಅಲ್ಲಿನ ವೈದ್ಯರನ್ನೇ ಕೇಳುವುದು ಒಳ್ಳೆಯದು.

ವೇಪ್: ಮನೆಯ ಹುಡುಗರಿಗೂ ಹೇಳಿ

ಜೊತೆಗೆ ಹೊರಟ ಹುಡುಗರ ಕೈಚೀಲದಲ್ಲಿ ಪೆನ್ನಿನಂಥ ವೇಪ್, ಅಂದರೆ ಇ-ಸಿಗರೇಟು ಇರಬಹುದು. ಕೇಳಿ ನೋಡಿ. ನಮ್ಮ ದೇಶದಲ್ಲೇ 2019ರ ಕಾಯ್ದೆಯಡಿ ಇ-ಸಿಗರೇಟಿನ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ ಎಲ್ಲ ನಿಷೇಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆಸ್ಟ್ರೇಲಿಯಾದಲ್ಲಿ ಪ್ರಯಾಣಿಕರಿಗೆ 2 ವೇಪ್, 20 ಬಿಡಿಭಾಗ, 200 ಮಿಲಿಲೀಟರ್ ದ್ರವದ ಮಿತಿ ಇದೆ, ಅದೂ ಸ್ವಂತ ಚಿಕಿತ್ಸೆಗೆ ಅನ್ನುವ ಷರತ್ತಿನ ಮೇಲೆ. ಆದರೆ ನಮ್ಮ ದಾರಿ ಸಿಂಗಪುರದ ಮೇಲೆ ಹಾದು ಹೋಗುತ್ತದೆ. ಅಲ್ಲಿ ವೇಪ್ ಇಟ್ಟುಕೊಳ್ಳುವುದೇ ಅಪರಾಧ. ಮೂರು ದೇಶದ ಕಾನೂನು ಸೇರಿಸಿ ನೋಡಿದರೆ ಉತ್ತರ ಒಂದೇ, ಮನೆಯಲ್ಲೇ ಬಿಡಿ.

ದಾರಿಯಲ್ಲಿರುವ ದೇಶ

ವೇಪ್ ಒಂದೇ ಅಲ್ಲ, ಎಲ್ಲ ಸಾಮಾನಿಗೂ ವಿಮಾನ ಬದಲಿಸುವ ದೇಶದ ನಿಯಮವನ್ನೂ ಒಮ್ಮೆ ನೋಡಿ. ಬ್ಯಾಗು ನೇರವಾಗಿ ಮೆಲ್ಬರ್ನ್‌ಗೆ ಹೋಗುತ್ತದೆಯಾ ಅಥವಾ ಮಧ್ಯೆ ಇಳಿಸಿಕೊಳ್ಳಬೇಕಾ ಅಂತ ಬೆಂಗಳೂರಿನ ಕೌಂಟರಿನಲ್ಲೇ ಕೇಳಿ. ಇಳಿಸಿಕೊಂಡು ಊರೊಳಗೆ ಹೋದರೆ ಆ ದೇಶದ ಕಸ್ಟಮ್ಸ್ ದಾಟಬೇಕು.

ಇದೇ ಬ್ಯಾಗನ್ನು ದುಬೈನಲ್ಲಿರುವ ಮಗನ ಮನೆಗೆ ಒಯ್ದರೆ ಉತ್ತರಗಳೇ ಬೇರೆ. ಅಲ್ಲಿ ಗಸಗಸೆ ನಿಷೇಧ. ಹೋಳಿಗೆ ಊಟಕ್ಕೆ ಪಾಯಸ ಮಾಡುವ ಅದೇ ಗಸಗಸೆ, ಅಲ್ಲಿ ಮಾದಕ ವಸ್ತುವಿನ ಕಾನೂನಿನ ಕೆಳಗೆ ಬರುತ್ತದೆ. ಮಂಡಿನೋವಿಗೆ ಕೊಡುವ ಟ್ರಮಡಾಲ್, ಶುಗರ್ ಇದ್ದವರ ಕಾಲುರಿಗೆ ಕೊಡುವ ಪ್ರೆಗಾಬಲಿನ್ ಅಲ್ಲಿ ನಿಯಂತ್ರಿತ ಔಷಧಿಗಳು. ಹೊರಡುವ ಮುಂಚೆಯೇ ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿ ಪಡೆಯಬೇಕು. ಅದಕ್ಕೇ ಒಂದು ದೇಶಕ್ಕೆ ಮಾಡಿದ ಪಟ್ಟಿಯನ್ನು ಇನ್ನೊಂದಕ್ಕೆ ಹಾಗೇ ಬಳಸಬೇಡಿ.

ಕಾರ್ಡ್ ತುಂಬುವುದು

ಆಸ್ಟ್ರೇಲಿಯಾಕ್ಕೆ ಇಳಿಯುವಾಗ ಪ್ರತಿಯೊಬ್ಬರೂ ಇನ್‌ಕಮಿಂಗ್ ಪ್ಯಾಸೆಂಜರ್ ಕಾರ್ಡ್ ತುಂಬಬೇಕು. ಇದು ಕಾನೂನಿನ ದಾಖಲೆ, ಕೆಳಗೆ ನಿಮ್ಮ ಸಹಿ ಇರುತ್ತದೆ. ಮಾದರಿ ಕಾರ್ಡ್ www.abf.gov.au ನಲ್ಲಿ ಸಿಗುತ್ತದೆ. ಮನೆಯಲ್ಲೇ ಪ್ರಿಂಟ್ ತೆಗೆದು, ನಿಮ್ಮ ಪಟ್ಟಿ ಎದುರಿಗೆ ಇಟ್ಟುಕೊಂಡು ಮಕ್ಕಳ ಜೊತೆ ಫೋನಿನಲ್ಲಿ ಮಾತಾಡುತ್ತ ಒಮ್ಮೆ ತುಂಬಿ ನೋಡಿ. ಔಷಧಿ ಒಂದು ಪ್ರಶ್ನೆಯಲ್ಲಿ, ಮಾಂಸ-ಹಾಲು-ಹಣ್ಣು ಇನ್ನೊಂದರಲ್ಲಿ, ಕಾಳು-ಬೀಜ-ಗಿಡಮೂಲಿಕೆ-ಮರದ ವಸ್ತು ಮತ್ತೊಂದರಲ್ಲಿ ಬರುತ್ತವೆ. ಬಿಪಿ ಮಾತ್ರೆ ಇದ್ದರೂ ಔಷಧಿಯ ಪ್ರಶ್ನೆಗೆ ಹೌದು ಅಂತಲೇ ಗುರುತು ಹಾಕಬೇಕು. ಹೊರಡುವ ಎರಡು ಮೂರು ದಿನ ಮುಂಚೆ ಜಾಲತಾಣಗಳನ್ನು ಮತ್ತೊಮ್ಮೆ ತೆರೆದು ನೋಡಿ, ನಿಯಮ ನಡುವೆ ಬದಲಾಗುತ್ತಿರುತ್ತದೆ.

ಹೇಳಬೇಕಾದ ಸಾಮಾನನ್ನೆಲ್ಲ ಒಂದೇ ಚೀಲದಲ್ಲಿ, ಬ್ಯಾಗಿನ ಮೇಲುಗಡೆ ಇಡಿ. ಜೊತೆಗೆ ಇಂಗ್ಲಿಷ್ ಹೆಸರುಗಳ ಪಟ್ಟಿ ಇರಲಿ. ಭಾಷೆ ತೊಡಕಾದರೆ ಪಟ್ಟಿ ತೋರಿಸಿದರೆ ಸಾಕು. ಹೌದು ಅಂತ ಬರೆದು ತೋರಿಸಿದ ಆಹಾರ, ಬೀಜ, ಎಲೆಯಂಥದ್ದು ಬೇಡವಾದರೆ ಅಧಿಕಾರಿ ಅದನ್ನಷ್ಟೇ ತೆಗೆದುಕೊಳ್ಳುತ್ತಾರೆ, ದಂಡ ಇಲ್ಲ. ಕೆಲವು ಸಾಮಾನಿಗೆ ನಿಮ್ಮ ಖರ್ಚಿನಲ್ಲಿ ಶುದ್ಧೀಕರಣ ಮಾಡಿಸುವ ಅಥವಾ ವಾಪಸ್ ಕಳಿಸುವ ಆಯ್ಕೆಯನ್ನೂ ಕೊಡುತ್ತಾರೆ. ಒಂದು ಕಿಲೋ ಮೆಣಸಿನಕಾಯಿಗೆ ಆ ಖರ್ಚು ಮಾಡುವುದರಲ್ಲಿ ಅರ್ಥ ಇಲ್ಲ, ಬಿಟ್ಟುಕೊಡಿ. ಇಲ್ಲ ಅಂತ ಬರೆದು ಎಕ್ಸ್‌ರೇಯಲ್ಲೋ ನಾಯಿಯ ಮೂಗಿಗೋ ಸಿಕ್ಕಿದರೆ ಸ್ಥಳದಲ್ಲೇ ಸಾವಿರಾರು ಡಾಲರ್‌ವರೆಗೂ ದಂಡ ಬೀಳಬಹುದು. 2019ರಿಂದ ಇಂಥ ತಪ್ಪಿಗೆ ಪ್ರವಾಸಿ ವೀಸಾವನ್ನೇ ರದ್ದು ಮಾಡಿ, ಬಂದ ದಾರಿಯಲ್ಲೇ ತಿರುಗಿ ಕಳಿಸುವ ಅಧಿಕಾರವೂ ಅವರಿಗಿದೆ.